ಬೀಗದ ಕೈ ಕೊಟ್ಟ ದಿನ, ಬಾಡಿಗೆ ಶುರುವಾಗುವ ದಿನ

ಮಗಾ, ಮೊನ್ನೆ ಫೋನಿನಲ್ಲಿ ನಿನ್ನ ದನಿ ಸಿಟ್ಟಿನಲ್ಲಿತ್ತು. ಮೂಡಿಗೆರೆ ಕಟ್ಟಡದ ಕೆಳಗಿನ ಮಳಿಗೆ, ಗೊಬ್ಬರದ ಅಂಗಡಿ ಖಾಲಿಯಾದಾಗಿನಿಂದ ಹಾಗೇ ಬಿದ್ದಿತ್ತಲ್ಲ, ಅದಕ್ಕೆ ಹೋಟೆಲಿನವರು ಬಂದಿದ್ದಾರೆ. ತಿಂಗಳಿಗೆ 40,000 ರೂಪಾಯಿಗೆ ಒಪ್ಪಿದ್ದಾರೆ. ಆದರೆ ಒಳಗಿನ ಕೆಲಸ ಮುಗಿಸಿಕೊಳ್ಳಲು ನಾಲ್ಕು ತಿಂಗಳು ಬಾಡಿಗೆ ಬಿಡಬೇಕು, ಆಮೇಲೆ ಮೂರು ವರ್ಷಕ್ಕೊಮ್ಮೆ ನೂರಕ್ಕೆ 15 ಏರಿಸಿ ಕೊಡುತ್ತೇವೆ ಅನ್ನುತ್ತಾರೆ. "ದೊಡ್ಡಪ್ಪ, ನಾಲ್ಕು ತಿಂಗಳು ಅಂದರೆ 1,60,000 ರೂಪಾಯಿ ಹೋಯಿತಲ್ಲ" ಅಂದೆ. ಏರಿಕೆಯ ಮಾತು ಬಂದಾಗ ಮಾತ್ರ "ಅದೇನೋ ಪರವಾಗಿಲ್ಲ, ವರ್ಷಕ್ಕೆ ಐದರ ಲೆಕ್ಕ ಆಯಿತು" ಅಂದುಬಿಟ್ಟೆ. ಪರವಾಗಿಲ್ಲ ಅಂದೆಯಲ್ಲ, ನಿನಗೆ ನಷ್ಟವಾಗುವುದು ಅಲ್ಲೇ. ಅದಕ್ಕೇ ಈ ಪತ್ರ.

ಒಂದು ಹಾಳೆ ತೆಗೆದುಕೊಂಡು ಆರು ವರ್ಷದ ಲೆಕ್ಕ ಬರೆ. ಅವರು ಹೇಳಿದ ಹಾಗಾದರೆ ಮೊದಲ ಮೂರು ವರ್ಷ ತಿಂಗಳಿಗೆ 40,000, ಮುಂದಿನ ಮೂರು ವರ್ಷ 46,000. ಬಾಡಿಗೆ ಶುರುವಾದ ಮೇಲೆ ಆರು ವರ್ಷಕ್ಕೆ ನಿನಗೆ ಬರುವುದು 30,96,000. ಈಗ ಪ್ರತಿ ವರ್ಷ ಆಗಿರುವ ಬಾಡಿಗೆಯ ಮೇಲೆ ನೂರಕ್ಕೆ ಐದು ಏರಿಸಿ ನೋಡು. ಎರಡನೇ ವರ್ಷ 42,000, ಮೂರನೆಯದು 44,100, ಆಮೇಲೆ 46,305, 48,620, 51,051. ಆರು ವರ್ಷಕ್ಕೆ ಹತ್ತಿರ ಹತ್ತಿರ 32,65,000. ವ್ಯತ್ಯಾಸ 1,69,000ದಷ್ಟು. ಯಾವ ನಾಲ್ಕು ತಿಂಗಳ ಬಾಡಿಗೆಗಾಗಿ ಸಿಟ್ಟಾದೆಯೋ ಅದಕ್ಕಿಂತ ಹೆಚ್ಚಿನ ದುಡ್ಡನ್ನು ಏರಿಕೆಯ ಒಂದೇ ಮಾತಿನಲ್ಲಿ ಬಿಟ್ಟುಕೊಡಲು ಹೊರಟಿದ್ದೆ. ಮೂರು ವರ್ಷಕ್ಕೆ ಹದಿನೈದೂ ವರ್ಷಕ್ಕೆ ಐದೂ ಒಂದೇ ಅಲ್ಲ. ನಡುವಿನ ಎರಡು ವರ್ಷ ನಿನಗೆ ಏರಿಕೆಯೇ ಇಲ್ಲ.

ಈಗ ಹೋಟೆಲಿನವರ ಕಡೆಯಿಂದ ನೋಡು. ಅವರಿಗೆ ಕಷ್ಟ ಇರುವುದು ಮೊದಲ ಆರೇಳು ತಿಂಗಳು. ಒಲೆ, ಹೊಗೆ ಎಳೆಯುವ ಚಿಮಣಿ, ಪಾತ್ರೆ ತೊಳೆಯುವ ಕಡೆ ನೆಲದ ಇಳಿಜಾರು, ಜಿಡ್ಡು ತಡೆಯುವ ತೊಟ್ಟಿ, ಟೇಬಲ್ಲು ಕುರ್ಚಿ, ಎಲ್ಲಕ್ಕೂ ಕೈಯಿಂದ ದುಡ್ಡು ಹೋಗುತ್ತಿರುತ್ತದೆ, ಒಂದು ಕಾಫಿಯ ಕಾಸೂ ಒಳಗೆ ಬಂದಿರುವುದಿಲ್ಲ. ಆಗ ಬಿಟ್ಟ ಒಂದು ತಿಂಗಳ ಬಾಡಿಗೆ ಅವರಿಗೆ ಎರಡರಷ್ಟು ಬೆಲೆಯದು. ಎರಡನೇ ವರ್ಷದಲ್ಲಿ ತಿಂಗಳಿಗೆ 2,000 ಹೆಚ್ಚು ಕೊಡುವುದು, ವ್ಯಾಪಾರ ಕುದುರಿದ ಹೋಟೆಲಿಗೆ ಭಾರವಾಗುವುದಿಲ್ಲ. ನಾಲ್ಕನೇ ವರ್ಷ ಒಮ್ಮೆಗೇ 6,000 ಏರುವುದೇ ಅವರಿಗೂ ತಲೆನೋವು. ಹಾಗಾಗಿ ಮೊದಲಿನ ತಿಂಗಳುಗಳಲ್ಲಿ ಕೈ ಬಿಚ್ಚು, ವರ್ಷದ ಏರಿಕೆಯಲ್ಲಿ ಮಾತ್ರ ಗಟ್ಟಿ ನಿಲ್ಲು. ಮೂರು ತಿಂಗಳು ಅಂತ ಶುರು ಮಾಡು, ವರ್ಷಕ್ಕೆ ಐದು ಕೇಳು. ನಾಲ್ಕನೇ ತಿಂಗಳನ್ನು ಜೇಬಿನಲ್ಲಿಟ್ಟುಕೊಂಡಿರು. ಕೊನೆಗೆ ಅದನ್ನು ಕೊಟ್ಟರೂ ಲೆಕ್ಕದಲ್ಲಿ ನೀನೇ ಮೇಲೆ.

ಆದರೆ ಈ ಲಾಭ ನಿಧಾನಕ್ಕೆ ಬರುವಂಥದ್ದು. ಎರಡನೇ ವರ್ಷ 24,000 ಹೆಚ್ಚು ಬರುತ್ತದೆ, ಮೂರನೇ ವರ್ಷ 49,200. ಕೊನೆಗೆ ಬಿಟ್ಟ ಒಂದು ತಿಂಗಳ 40,000 ಕೈಗೆ ಮರಳಿ ಬರಲು ಎರಡು ವರ್ಷ ನಾಲ್ಕು ತಿಂಗಳು ಬೇಕು. ಅಷ್ಟರೊಳಗೆ ಅವರು ಬಾಗಿಲು ಹಾಕಿ ಹೋದರೆ ಬಿಟ್ಟದ್ದೂ ಹೋಯಿತು, ಏರಿದ್ದೂ ಬರಲಿಲ್ಲ. ಅದಕ್ಕೆ ಮೂರು ವರ್ಷ ಬಿಟ್ಟು ಹೋಗುವಂತಿಲ್ಲ ಅನ್ನುವ ಕರಾರು ಬೇಕು. ಹೋಗಲೇಬೇಕಾಗಿ ಬಂದರೆ ಬಿಟ್ಟ ಬಾಡಿಗೆಯನ್ನು ಉಳಿದ ತಿಂಗಳಿಗೆ ತಕ್ಕಂತೆ ವಾಪಸ್ ಕೊಡಬೇಕು. ಮೂರು ತಿಂಗಳು ಬಿಟ್ಟಿದ್ದರೆ 1,20,000. ಅದನ್ನು 36 ತಿಂಗಳಿಗೆ ಹಂಚಿದರೆ ತಿಂಗಳಿಗೆ 3,333. ಒಂದು ವರ್ಷಕ್ಕೇ ಹೊರಟರೆ 24 ತಿಂಗಳು ಬಾಕಿ, ಅಂದರೆ 80,000. ಮೂವತ್ತನೇ ತಿಂಗಳಿಗೆ ಹೊರಟರೆ 20,000. ಪೂರ್ತಿ ವಾಪಸ್ ಕೊಡಿ ಅಂದರೆ ಅವರು ಸಹಿ ಹಾಕುವುದಿಲ್ಲ, ಹಾಕಬಾರದು ಕೂಡ. ಹೀಗೆ ಕರಗುತ್ತಾ ಹೋಗುವ ಮೊತ್ತವಾದರೆ ಯಾರಿಗೂ ನ್ಯಾಯ ಅನ್ನಿಸುತ್ತದೆ, ಮುಂಗಡದಲ್ಲಿ ಹಿಡಿದುಕೊಳ್ಳಲೂ ಸುಲಭ.

ಇನ್ನು ದಿನದ ಮಾತು. ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ಕಳಸದಲ್ಲಿ ನನ್ನ ಮಳಿಗೆಯನ್ನು ಒಬ್ಬ ಹಲ್ಲಿನ ಡಾಕ್ಟರಿಗೆ ಕೊಟ್ಟಿದ್ದೆ. ಜೂನ್ ಒಂದಕ್ಕೆ ಬೀಗದ ಕೈ, 60 ದಿನ ಬಾಡಿಗೆ ಇಲ್ಲ, ಆಗಸ್ಟಿನಿಂದ ಕೊಡಬೇಕು ಅಂತ ಬರೆದುಕೊಂಡೆವು. ಎರಡು ತಿಂಗಳು ಧಾರಾಳ ಆಯಿತು ಅಂತ ನನಗೂ ಅನ್ನಿಸಿತ್ತು, ಅವರಿಗೂ. ಹಲ್ಲಿನ ಕುರ್ಚಿ ಸುಮ್ಮನೆ ತಂದಿಡುವ ವಸ್ತುವಲ್ಲ. ಅದರ ಅಡಿಗೆ ನೀರಿನ ಪೈಪು, ಗಾಳಿಯ ಪೈಪು, ಕೊಳೆನೀರು ಹೋಗುವ ಪೈಪು ಎಲ್ಲ ನೆಲ ಒಡೆದು ಹಾಕಬೇಕು, ಮತ್ತೆ ಮುಚ್ಚಿ ಟೈಲ್ಸ್ ಕೂರಿಸಬೇಕು. ಜುಲೈ ಕೊನೆಗೆ ನಾನು ಹೋಗಿ ಗೋಡೆಗೆ ಅಂಗೈ ಒತ್ತಿದೆ. ಕೈ ಒದ್ದೆಯಾಯಿತು. ಹಚ್ಚಿ ಹದಿನೈದು ದಿನವಾದ ಪುಟ್ಟಿಯನ್ನು ಉಗುರಿನಲ್ಲಿ ಗೀರಿದರೆ ಗಿಣ್ಣಿನ ಹಾಗೆ ಎದ್ದು ಬಂತು. ಅಂಥ ಗೋಡೆಗೆ ಬಣ್ಣ ಹೊಡೆಯುವವರು ಯಾರು, ಸ್ವಿಚ್ ಬೋರ್ಡ್ ಕೂರಿಸುವವರು ಯಾರು? ಹೊರಗೆ ಮರ ಬಿದ್ದು ಲೈನು ಹೋಗಿ ಮೆಸ್ಕಾಂನವರು ಊರೂರು ಅಲೆಯುತ್ತಿದ್ದರು, ಹೊಸ ತ್ರೀ ಫೇಸ್ ಕೊಡಲು ಅವರಿಗೆಲ್ಲಿ ಬಿಡುವು. ಕ್ಲಿನಿಕ್ ತೆರೆದದ್ದು ಅಕ್ಟೋಬರಿನಲ್ಲಿ. ನಾನು ಪತ್ರದಲ್ಲಿ ಇದ್ದ ಹಾಗೆ ಆಗಸ್ಟ್, ಸೆಪ್ಟೆಂಬರಿನ ಬಾಡಿಗೆ ಕೇಳಿದೆ. ಅವರು ಕೊಟ್ಟರು. ಅವಧಿ ಮುಗಿದ ತಿಂಗಳೇ ಬೇರೆ ಕಟ್ಟಡಕ್ಕೆ ಹೋದರು. ಆ ಮಳಿಗೆ ಆಮೇಲೆ ಹನ್ನೊಂದು ತಿಂಗಳು ಖಾಲಿ ಬಿತ್ತು.

ನಮ್ಮ ಕಡೆ ಜೂನಿನ 60 ದಿನವೂ ನವೆಂಬರಿನ 60 ದಿನವೂ ಒಂದೇ ಅಲ್ಲ. ಬಿಸಿಲಿನಲ್ಲಿ ಎರಡು ತಿಂಗಳಿಗೆ ಮುಗಿಯುವ ಕೆಲಸ ಮಳೆಗಾಲದಲ್ಲಿ ನಾಲ್ಕು ತಿಂಗಳು ಹಿಡಿಯುತ್ತದೆ. ಹೋಟೆಲಿನ ಚಿಮಣಿಗೆ ಗೋಡೆ ಕೊರೆದು ಶೀಟಿನ ಮೇಲೆ ಕೊಳವೆ ಎತ್ತಬೇಕು, ಸುರಿಯುವ ಮಳೆಯಲ್ಲಿ ಅದು ಆಗದ ಮಾತು. ಹಾಗಾಗಿ ಬೀಗದ ಕೈಯನ್ನು ನವೆಂಬರ್ ಒಂದಕ್ಕೆ ಕೊಡು, ಬಾಡಿಗೆ ಫೆಬ್ರುವರಿ ಒಂದರಿಂದ. ಮಳೆಗಾಲದಲ್ಲೇ ಕೊಡಬೇಕಾಗಿ ಬಂದರೆ ದಿನ ಎಣಿಸಬೇಡ, ಅಕ್ಟೋಬರ್ ಒಂದರಿಂದ ಬಾಡಿಗೆ ಅಂತ ತಾರೀಕನ್ನೇ ಬರೆ.

"ಅಂಗಡಿ ತೆರೆದ ದಿನ ಅಥವಾ ಈ ತಾರೀಕು, ಯಾವುದು ಮೊದಲೋ ಅದು" ಅಂತ ಬರೆಯುವವರು ಬಹಳ ಮಂದಿ ಇದ್ದಾರೆ. ವಕೀಲರು ನಿನಗೂ ಅದನ್ನೇ ಹೇಳಬಹುದು. ನಾನು ಬೇಡ ಅನ್ನುತ್ತೇನೆ. ತೆರೆದ ದಿನ ಯಾವುದು ಅನ್ನುವುದೇ ಜಗಳ. ಅರ್ಧ ಶಟರ್ ಎತ್ತಿ ಪಾರ್ಸಲ್ ಕೊಡುತ್ತಿರುತ್ತಾರೆ, ಕೇಳಿದರೆ ಉದ್ಘಾಟನೆ ಇನ್ನೂ ಆಗಿಲ್ಲ ಅನ್ನುತ್ತಾರೆ. ತಾರೀಕು ಒಂದೇ ಇದ್ದರೆ ಕೆಲಸ ಬೇಗ ಮುಗಿಸಿದಷ್ಟೂ ಅವರಿಗೇ ಲಾಭ, ಡಿಸೆಂಬರ್ ರಜೆಗೆ ಬೆಂಗಳೂರಿನಿಂದ ಬರುವ ಗಿರಾಕಿ ಸಿಗಲಿ ಅಂತ ರಾತ್ರಿಯೂ ಕೆಲಸ ಮಾಡಿಸುತ್ತಾರೆ. ಜನ ಹತ್ತಿದ ಹೋಟೆಲು ನಿನ್ನ ಕಟ್ಟಡದಲ್ಲಿ ಹೆಚ್ಚು ವರ್ಷ ನಿಲ್ಲುತ್ತದೆ.

ತಾರೀಕು ಮುಂದೆ ಹೋಗಬೇಕಾದದ್ದು ನಿನ್ನಿಂದ ತಡವಾದಾಗ. ತ್ರೀ ಫೇಸ್ ಲೈನು ನೀನು ಹಾಕಿಸಿಕೊಡುತ್ತೇನೆ ಅಂದಿದ್ದೀಯ, ಹಿಂಬದಿಯ ಸೋರಿಕೆ ನಿಲ್ಲಿಸುತ್ತೇನೆ ಅಂದಿದ್ದೀಯ. ಅವು ಮುಗಿಯದೆ ಎಷ್ಟು ದಿನ ಹೋಯಿತೋ ಅಷ್ಟು ದಿನ ಬಾಡಿಗೆ ಮುಂದಕ್ಕೆ ಹೋಗಲಿ. ಲೈಸೆನ್ಸ್ ಅವರ ಜವಾಬ್ದಾರಿ. ಹೋಟೆಲಿಗೆ ಪಟ್ಟಣ ಪಂಚಾಯ್ತಿಯ ಉದ್ಯಮ ಪರವಾನಗಿ, ಎಫ್‌ಎಸ್‌ಎಸ್‌ಎಐ ಬೇಕು. ಕ್ಲಿನಿಕ್ ಆಗಿದ್ದರೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ನೋಂದಣಿ, ಆಸ್ಪತ್ರೆ ತ್ಯಾಜ್ಯಕ್ಕೆ ಮಾಲಿನ್ಯ ಮಂಡಳಿಯ ಒಪ್ಪಿಗೆ. ಕ್ಲಿನಿಕ್ಕಿನ ಕಾಗದಪತ್ರ ಒಳಗಿನ ಕೆಲಸ ಒಂದು ಹಂತಕ್ಕೆ ಬಂದ ಮೇಲೇ ಮುಂದೆ ಹೋಗುವುದರಿಂದ ಡಾಕ್ಟರುಗಳು ಒಂದು ತಿಂಗಳು ಹೆಚ್ಚು ಕೇಳಿದರೆ ಅದರಲ್ಲಿ ಅರ್ಥವಿದೆ. ಸಮಯಕ್ಕೆ ಅರ್ಜಿ ಹಾಕಿದ ರಸೀದಿ ತೋರಿಸಿದರೆ ಒಂದು ತಿಂಗಳು ಅರ್ಧ ಬಾಡಿಗೆ ತೆಗೆದುಕೋ, ಅದಕ್ಕಿಂತ ಮುಂದೆ ಬೇಡ. ಬಾಡಿಗೆ ಇಲ್ಲದ ತಿಂಗಳುಗಳಲ್ಲೂ ಕರೆಂಟು, ನೀರಿನ ಬಿಲ್ಲು ಅವರದೇ. ಇದನ್ನು ಬರೆಯದೆ ಬಿಟ್ಟರೆ ಮಾರ್ಬಲ್ ಕೊರೆಯುವ ಯಂತ್ರದ ಕರೆಂಟಿಗೂ ನೀನೇ ಕಟ್ಟಬೇಕಾದೀತು.

ಏರಿಕೆಯ ವರ್ಷವನ್ನು ಎಲ್ಲಿಂದ ಎಣಿಸುತ್ತೀಯ ಅನ್ನುವುದನ್ನೂ ಬಾಯಿಮಾತಿಗೆ ಬಿಡಬೇಡ. ಪತ್ರವಾದ ದಿನದಿಂದ ಎಣಿಸಿದರೆ ಮುಂದಿನ ನವೆಂಬರಿಗೇ ಏರಿಕೆ, ಅವರು ಆಗ ಕೊಟ್ಟಿರುವುದು ಒಂಬತ್ತು ತಿಂಗಳ ಬಾಡಿಗೆ ಮಾತ್ರ. ಹೊಸ ಹೋಟೆಲಿನವರ ಹೊಟ್ಟೆ ಉರಿಯುತ್ತದೆ. ಬಾಡಿಗೆ ಶುರುವಾದ ಫೆಬ್ರುವರಿಯಿಂದ ಎಣಿಸು. ಮೂರು ವರ್ಷದ ಕಟ್ಟೂ ಅಲ್ಲಿಂದಲೇ ಎಣಿಕೆಯಾಗಲಿ, ಇಲ್ಲದಿದ್ದರೆ ಪುಕ್ಕಟೆ ತಿಂಗಳುಗಳೂ ಅದರಲ್ಲಿ ಸೇರಿ ನಿನಗೆ ಮೂರು ತಿಂಗಳು ಖೋತಾ. "ನೂರಕ್ಕೆ ಐದು" ಅಂತ ಮಾತ್ರ ಬರೆದರೂ ತಕರಾರು ಬರುತ್ತದೆ, ಮೊದಲ ಬಾಡಿಗೆಯ ಮೇಲೆ ಐದೋ, ಹಿಂದಿನ ವರ್ಷದ ಬಾಡಿಗೆಯ ಮೇಲೆ ಐದೋ ಅಂತ. ಆರು ವರ್ಷದಲ್ಲಿ ಅದೊಂದೇ 25,000ದ ವ್ಯತ್ಯಾಸ. ವರ್ಷವಾರು ರೂಪಾಯಿಯನ್ನೇ ಪತ್ರದಲ್ಲಿ ಬರೆಸು, ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ 42,000 ಅಂತ.

ಒಂದು ಮಾತು ಮಾತ್ರ ತಪ್ಪಿಸಬೇಡ. ಖರ್ಚು ಉಳಿಯಲಿ ಅಂತ ನಮ್ಮಲ್ಲಿ ಎಲ್ಲರೂ ಸ್ಟ್ಯಾಂಪ್ ಪೇಪರಿನಲ್ಲಿ ಹನ್ನೊಂದು ತಿಂಗಳ ಕರಾರು ಮಾಡುತ್ತಾರೆ. ಅದರಲ್ಲಿ ಆರು ವರ್ಷದ ಏರಿಕೆ ಬರೆದು ಪ್ರಯೋಜನವಿಲ್ಲ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯಿದೆಯ 17ನೇ ಸೆಕ್ಷನ್ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು. ಮಾಡಿಸದಿದ್ದರೆ ಅದರೊಳಗಿನ ಏರಿಕೆ, ಮೂರು ವರ್ಷದ ಕಟ್ಟು, ಬಿಟ್ಟ ಬಾಡಿಗೆ ವಾಪಸ್, ಇವನ್ನು ಹಿಡಿದುಕೊಂಡು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಮೂರು ತಿಂಗಳು ಬಿಟ್ಟುಕೊಟ್ಟದ್ದು ಮಾತ್ರ ಹೋಗಿಯೇ ಹೋಗಿರುತ್ತದೆ. ಮುದ್ರಾಂಕದ ಖರ್ಚನ್ನು ಅರ್ಧರ್ಧ ಹಾಕಿಕೊಳ್ಳೋಣ ಅಂತ ಮೊದಲ ಭೇಟಿಯಲ್ಲೇ ಹೇಳಿಬಿಡು.

ಸೋಮವಾರ ಅವರು ಬಂದಾಗ ಕೂತ ಕೂಡಲೇ ಬಾಡಿಗೆ ಎತ್ತಬೇಡ. ಕೆಲಸದ ಪಟ್ಟಿ ಕೇಳು, ಯಾವ ಕೆಲಸಕ್ಕೆ ಎಷ್ಟು ದಿನ, ಮೇಸ್ತ್ರಿ ಯಾರು, ಚಿಮಣಿ ಎಲ್ಲಿಂದ ಬರುತ್ತದೆ ಅಂತ. ಪಟ್ಟಿ ತಂದವರಿಗೆ ಎಷ್ಟು ತಿಂಗಳು ಬೇಕು ಅನ್ನುವುದು ಅದರಲ್ಲೇ ಕಾಣುತ್ತದೆ. ಪಟ್ಟಿಯೇ ಇಲ್ಲದೆ ನಾಲ್ಕು ತಿಂಗಳು ಕೇಳುತ್ತಿದ್ದರೆ, ಒಂದು ವಾರ ಬಿಟ್ಟು ಪಟ್ಟಿ ಹಿಡಿದು ಬನ್ನಿ ಅಂತ ಕಾಫಿ ಕೊಟ್ಟು ಕಳಿಸು. ಪತ್ರದ ಕರಡು ಆದಮೇಲೆ ಸಹಿಗೆ ಮುಂಚೆ ನನಗೊಮ್ಮೆ ತೋರಿಸು, ತಾರೀಕುಗಳನ್ನು ಕೂತು ನೋಡೋಣ.