ತೊಟ್ಟು ಬಿಡುವ ಹಣ್ಣು

ಮಗು, ಅಪ್ಪನಿಗೆ ಆಪರೇಷನ್ ಅಂತ ತಿಳಿದ ದಿನದಿಂದ ನೀನು ಮೃತ್ಯುಂಜಯ ಮಂತ್ರ ಹಿಡಿದಿದ್ದೀಯ. ಒಳ್ಳೆಯದೇ. ಆದರೆ ಮೊಬೈಲಿನ ಧಾಟಿಗೆ ಸರಿಯಾಗಿ ಓಡಿಸುತ್ತಿದ್ದೀಯ, ಏನು ಕೇಳುತ್ತಿದ್ದೀಯ ಎಂಬುದು ನಿನಗೇ ಗೊತ್ತಾಗುತ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ಮಂತ್ರ ಯಮನಿಗೆ ಇಟ್ಟ ಮೊರೆಯಲ್ಲ. ಋಗ್ವೇದದ 7ನೇ ಮಂಡಲದಲ್ಲಿ ಮರುತ್ತುಗಳ ಸೂಕ್ತವೊಂದಿದೆ. ಅದರ ಕೊನೆಯ ಋಕ್ಕು ಮರುತ್ತುಗಳ ತಂದೆ ರುದ್ರನ ಕಡೆ ತಿರುಗುತ್ತದೆ, ಅದೇ ನಿನ್ನ ಮಂತ್ರ. ಆ ರುದ್ರನನ್ನು ವೇದ ಬಾಣ ಹಿಡಿದವನೆಂದು ಹೆದರುತ್ತದೆ, ವೈದ್ಯರಿಗೆಲ್ಲ ದೊಡ್ಡ ವೈದ್ಯನೆಂದು ಕರೆಯುತ್ತದೆ. ಔಷಧವೂ ಅವನ ಕೈಯದೇ. ಹಾಗಾಗಿ ಜಪಕ್ಕೆ ಕೂತೆವೆಂದು ಮಾತ್ರೆ ಬಿಡಿಸುವುದು ಈ ಮಂತ್ರದ ದೇವರಿಗೇ ಒಪ್ಪದ ಕೆಲಸ.

ಮೊದಲ ಸಾಲು ಮುಕ್ಕಣ್ಣನನ್ನು, ಪರಿಮಳದವನನ್ನು, ಪುಷ್ಟಿ ಹೆಚ್ಚಿಸುವವನನ್ನು ಪೂಜಿಸುತ್ತೇವೆ ಎನ್ನುತ್ತದೆ. ಎರಡನೆಯ ಸಾಲು ಬೇಡಿಕೆ: ಸೌತೆಯ ಜಾತಿಯ ಹಣ್ಣು ತೊಟ್ಟಿನಿಂದ ಬಿಡುವಂತೆ ನಾನು ಸಾವಿನಿಂದ ಬಿಡುಗಡೆ ಹೊಂದಲಿ, ಅಮೃತದಿಂದ ಅಲ್ಲ. ಕರಬೂಜ ಬೆಳೆದವರನ್ನು ಕೇಳು. ಕಾಯಿಯನ್ನು ಕಿತ್ತರೆ ಬಳ್ಳಿಯೇ ಹರಿದು ಬರುತ್ತದೆ. ಹಣ್ಣಾದಾಗ ತೊಟ್ಟಿನ ಸುತ್ತ ಸಣ್ಣ ಬಿರುಕು ಮೂಡುತ್ತದೆ, ಹೆಬ್ಬೆರಳಿನಿಂದ ಒತ್ತಿದರೆ ಸಾಕು, ಹಣ್ಣಿಗೂ ನೋವಿಲ್ಲ, ಬಳ್ಳಿಗೂ ಗಾಯವಿಲ್ಲ. ಕಾಯಿಯಾಗಿರುವಾಗಲೇ ಕೀಳಬೇಡ ಎಂಬುದೇ ಇಲ್ಲಿನ ಪ್ರಾರ್ಥನೆ. ಹಣ್ಣು ಎಂದೆಂದಿಗೂ ಬಳ್ಳಿಯಲ್ಲೇ ಇರಲಿ ಎಂದು ಋಷಿ ಕೇಳಲಿಲ್ಲ.

ಕೊನೆಯ ಪದದಲ್ಲಿ ಹಲವರು ಎಡವುತ್ತಾರೆ. ‘ಮಾಮೃತಾತ್’ ಎನ್ನುವುದನ್ನು ‘ಮಾಂ ಮೃತಾತ್’ ಎಂದು ಬಿಡಿಸಿ, ನನ್ನನ್ನು ಸಾವಿನಿಂದ ಎಂದು ಅರ್ಥ ಮಾಡುತ್ತಾರೆ. ಅದು ‘ಮಾ ಅಮೃತಾತ್’. ಇದಕ್ಕೆ ಸಾಕ್ಷಿ ಯಜ್ಞದಲ್ಲೇ ಇದೆ. ಚಾತುರ್ಮಾಸ್ಯ ಯಾಗಗಳ ಸಾಕಮೇಧದ ಕೊನೆಗೆ ತ್ರ್ಯಂಬಕ ಹೋಮ ಬರುತ್ತದೆ. ಮನೆಯಲ್ಲಿ ಎಷ್ಟು ಜನವೋ ಅಷ್ಟು ಪುರೋಡಾಶ, ಅಂದರೆ ಹಿಟ್ಟಿನ ಚಿಕ್ಕ ರೊಟ್ಟಿ. ಮೇಲೆ ಒಂದು ಹೆಚ್ಚು, ಇನ್ನೂ ಹುಟ್ಟಬೇಕಾದವರಿಗೆ. ಉತ್ತರ ದಿಕ್ಕಿಗೆ, ದಾರಿಗಳು ಕೂಡುವ ಕಡೆ ಹೋಗಿ ರುದ್ರನ ಪಾಲನ್ನು ಅವನಿಗೆ ಕೊಟ್ಟು, ಮೂಜವತ್ ಪರ್ವತದಾಚೆ ಹೋಗು ಎಂದು ಬೀಳ್ಕೊಡುತ್ತಾರೆ. ಮನೆಯವರು ಬೆಂಕಿಯ ಸುತ್ತ ಸುತ್ತುವಾಗ ಹೇಳುವುದು ಈ ಮಂತ್ರವನ್ನೇ. ಮದುವೆಯಾಗದ ಹೆಣ್ಣುಮಕ್ಕಳೂ ಸುತ್ತುತ್ತಾರೆ, ಆದರೆ ಅವರು ಮಂತ್ರವನ್ನು ಸ್ವಲ್ಪ ಬದಲಿಸಿ, ಗಂಡನನ್ನು ದೊರಕಿಸಿಕೊಡುವವನನ್ನು ನೆನೆದು, ಇಲ್ಲಿಂದ ಬಿಡುಗಡೆಯಾಗಲಿ, ಅಲ್ಲಿಂದ ಬೇಡ ಎನ್ನುತ್ತಾರೆ. ತವರಿನ ತೊಟ್ಟು ಬಿಡಲಿ, ಗಂಡನ ಮನೆಯದು ಬಿಡದಿರಲಿ ಎಂದು. ಒಂದು ಕಡೆ ಬಿಡಿಸು, ಇನ್ನೊಂದು ಕಡೆ ಬಿಡಿಸಬೇಡ ಎಂಬ ಅದೇ ಕಟ್ಟು ನಿನ್ನ ಮಂತ್ರದಲ್ಲೂ ಇದೆ.

ಇನ್ನೊಂದು ಗಮನಿಸು. ಪೂಜಿಸುವವರು ‘ನಾವು’, ಬಿಡುಗಡೆ ಕೇಳುವುದು ‘ನಾನು’. ಮನೆಯವರೆಲ್ಲ ಜೊತೆಗೆ ನಿಂತಿದ್ದರೂ ಸಾವಿನ ಮುಂದೆ ಪ್ರತಿಯೊಬ್ಬರೂ ತಾವೇ ನಿಲ್ಲಬೇಕು. ಧೈರ್ಯಕ್ಕೆ ಇವೆರಡೂ ಬೇಕೆಂದು ನನಗೆ ತೋರುತ್ತದೆ.

ಈಗ ನೀನು ಮಾಡಬೇಕಾದ್ದು. ಬಲ್ಲವರೊಬ್ಬರ ಎದುರು ಕೂತು ಸ್ವರ ತಿದ್ದಿಸಿಕೋ. ಮುಂದೆ ಸೇರಿಸುವ ಹೌಂ, ಜೂಂ ಮೊದಲಾದ ಬೀಜಾಕ್ಷರಗಳು ತಂತ್ರಶಾಸ್ತ್ರದವು. ಉಪದೇಶವಿಲ್ಲದೆ ಅವು ಬೇಡ, ಋಕ್ಕು ಸಾಕು. ಮೊದಲ ಸಾಲಿಗೆ ಒಂದು ಉಸಿರು, ಎರಡನೆಯದಕ್ಕೆ ಒಂದು. ಈ ನಿಧಾನದಲ್ಲಿ 108 ಸಲಕ್ಕೆ ಸುಮಾರು ಇಪ್ಪತ್ತು ನಿಮಿಷ ಬೇಕು. ಐದೇ ನಿಮಿಷದಲ್ಲಿ ಮುಗಿದರೆ ಅಕ್ಷರ ನುಂಗಿದ್ದೀಯ ಎಂದು ತಿಳಿ. ಆಗ 12 ಸಲ ಸರಿಯಾಗಿ ಹೇಳುವುದೇ ಮೇಲು. ಆಸ್ಪತ್ರೆಯಲ್ಲಿ ಊದುಬತ್ತಿ ಬೇಡ, ಪಕ್ಕದ ಹಾಸಿಗೆಯವರಿಗೆ ಕೇಳುವಷ್ಟು ದನಿಯೂ ಬೇಡ. ಅಪ್ಪನಿಗೆ ಕೇಳಬೇಕೆನಿಸಿದರೆ ಮಾತ್ರ ಕಿವಿಯ ಹತ್ತಿರ ಹೇಳು. ಎಚ್ಚರವಿದ್ದವರಿಗೆ ಈ ಮಂತ್ರ ಕೇಳಿದೊಡನೆ ತಮ್ಮ ಸ್ಥಿತಿ ಅಷ್ಟು ಕೆಟ್ಟಿದೆಯೇ ಎಂಬ ದಿಗಿಲು ಹುಟ್ಟುವುದುಂಟು. ಹಾಗಾದರೆ ಅರ್ಥವನ್ನು ಮೊದಲು ತಿಳಿಸು.

ಮನೆಗೆ ಬಂದ ಮೇಲೆ ಹೋಮ ಮಾಡಿಸೋಣ. ನಾಲ್ಕು ಬೆರಳಷ್ಟು ಕತ್ತರಿಸಿ ಹಾಲಿನಲ್ಲಿ ಅದ್ದಿದ ಅಮೃತಬಳ್ಳಿ, ಗರಿಕೆ, ಎಳ್ಳು, ತುಪ್ಪ, ಪಾಯಸ, ಇವಿಷ್ಟು ಸಿಕ್ಕರೆ ಸಾಕು. ಲಕ್ಷ ಜಪ ಮಾಡಿಸಿದರೆ ಇಷ್ಟು ವರ್ಷ ಆಯಸ್ಸು ಗ್ಯಾರಂಟಿ ಎಂದು ದರ ಹೇಳುವವರ ಹತ್ತಿರ ಮಾತ್ರ ಹೋಗಬೇಡ.

ಅಜ್ಜಿಯ ಕೊನೆಯ ದಿನಗಳಲ್ಲಿ, ಹೋಗುವವರಿಗೆ ಇದನ್ನೇಕೆ ಹೇಳಬೇಕೆಂದು ಯಾರೋ ಕೇಳಿದರು. ಮಾಗಿದ ಹಣ್ಣಿಗೂ ಇದೇ ಮಂತ್ರ ಸಲ್ಲುತ್ತದೆ, ಆಗ ಅದು ನೋವಿಲ್ಲದೆ ಬಿಡಲಿ ಎಂಬ ಕೋರಿಕೆ. ಅಪ್ಪ ಇನ್ನೂ ಕಾಯಿ. ಡಾಕ್ಟರು ಹೇಳಿದ ದಿನಕ್ಕೇ ಆಪರೇಷನ್ ಆಗಲಿ, ಮುಹೂರ್ತ ಹುಡುಕುತ್ತಾ ಅದನ್ನು ಮುಂದೂಡಬೇಡ.