ಬಡ್ತಿಯ ಮಾತು ಏಪ್ರಿಲ್‌ಗೆ ಮುಂಚೆ

ಕಾನಹೊಸಹಳ್ಳಿ, ಕೂಡ್ಲಿಗಿ, ಕೊಟ್ಟೂರು ಕಡೆಯಿಂದ ಹೊಸಪೇಟೆ, ಕೊಪ್ಪಳ, ಬಳ್ಳಾರಿ ಸುತ್ತಿನ ಕಾರ್ಖಾನೆಗಳಿಗೆ ದುಡಿಯಲು ಹೋಗಿರುವ ತಮ್ಮಂದಿರೇ, ತಂಗಿಯರೇ, ಈ ಮಾತು ನಿಮಗಾಗಿ. ಅದರಲ್ಲೂ ತೋರಣಗಲ್ಲಿನಂಥ ದೊಡ್ಡ ಉಕ್ಕಿನ ಕಾರ್ಖಾನೆಯಲ್ಲಲ್ಲ, ಇನ್ನೂರು ಮುನ್ನೂರು ಜನ ಇರುವ ಮಧ್ಯಮ ಗಾತ್ರದ ಕಂಪನಿಯಲ್ಲಿ ನಾಲ್ಕೈದು ವರ್ಷ ಒಂದೇ ಹುದ್ದೆಯಲ್ಲಿ ಕೂತವರಿಗಾಗಿ.

ದೊಡ್ಡ ಕಂಪನಿಯಲ್ಲಿ ಬಡ್ತಿಗೆ ಗ್ರೇಡು, ಫಾರಂ, ಕಮಿಟಿ ಎಲ್ಲ ಇರುತ್ತವೆ. ಮಧ್ಯಮ ಕಂಪನಿಯಲ್ಲಿ ಅದಾವುದೂ ಗಟ್ಟಿಯಾಗಿರುವುದಿಲ್ಲ. ಎಚ್‌ಆರ್ ಅಂದರೆ ಹಾಜರಿ, ಪಿಎಫ್, ಇಎಸ್‌ಐ ನೋಡಿಕೊಳ್ಳುವ ಒಬ್ಬರೋ ಇಬ್ಬರೋ. ತೀರ್ಮಾನ ಮಾಲೀಕರದು, ಜಿಎಂ ಅವರದು. ಅವರಿಗೆ ನಿಮ್ಮ ಮುಖ ಗೊತ್ತು, ಹೆಸರೂ ಗೊತ್ತು. ನಿಮ್ಮ ಕೆಲಸದಿಂದ ಏನು ಬದಲಾಯಿತು ಎಂಬುದು ಮಾತ್ರ ಗೊತ್ತಿರುವುದಿಲ್ಲ. "ಸರ್, ನಾಲ್ಕು ವರ್ಷ ಆತು, ನಮಗೂ ಏನಾರ ನೋಡ್ರಿ" ಎಂದು ನಿಂತವರನ್ನು ಸಿಬ್ಬಂದಿ ವಿಭಾಗದಲ್ಲಿ ಕೂತು ನಾನು ಬಹಳ ನೋಡಿದ್ದೇನೆ. ಆ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅದೇ ನಾಲ್ಕು ವರ್ಷ ಪಕ್ಕದ ಟೇಬಲ್ಲಿನವರಿಗೂ ಆಗಿರುತ್ತದೆ. ವರ್ಷ ಎಣಿಸಿದರೆ ಇನ್ಕ್ರಿಮೆಂಟ್ ಸಿಗಬಹುದು. ಹುದ್ದೆ ಸಿಗಬೇಕಾದರೆ ಫಲ ತೋರಿಸಬೇಕು.

ಫಲ ತೋರಿಸುವುದು ಹೇಗೆ? ನಮ್ಮ ಕಡೆಯ ಒಬ್ಬ ಹುಡುಗನ ಲೆಕ್ಕವನ್ನೇ ಹೇಳುತ್ತೇನೆ. ಅರ್ಥವಾಗಲಿ ಎಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಅವನದು ಸ್ಪಾಂಜ್ ಐರನ್ ಕಾರ್ಖಾನೆಯ ಡಿಸ್ಪ್ಯಾಚ್‌ನಲ್ಲಿ ಸಹಾಯಕನ ಕೆಲಸ. ಖಾಲಿ ಲಾರಿ ಬರುತ್ತದೆ, ವೇಬ್ರಿಡ್ಜ್ ಮೇಲೆ ತೂಕವಾಗುತ್ತದೆ, ಲೋಡ್ ಆಗುತ್ತದೆ, ಮತ್ತೆ ತೂಕ, ಆಮೇಲೆ ಇನ್ವಾಯ್ಸ್, ಇ-ವೇ ಬಿಲ್, ಲ್ಯಾಬಿನ ಟೆಸ್ಟ್ ಸರ್ಟಿಫಿಕೇಟ್, ಕೊನೆಗೆ ಗೇಟ್‌ಪಾಸ್. ಇದರಲ್ಲಿ ಯಾವುದೊಂದು ತಡವಾದರೂ ಲಾರಿ ಆ ರಾತ್ರಿ ಅಲ್ಲೇ ನಿಲ್ಲುತ್ತದೆ. ನಿಂತ ಲಾರಿಗೆ ಟ್ರಾನ್ಸ್‌ಪೋರ್ಟಿನವರು ಹಾಲ್ಟಿಂಗ್ ಹಾಕುತ್ತಾರೆ. ದಿನಕ್ಕೆ 1,500 ರೂಪಾಯಿ ಎಂದಿಟ್ಟುಕೊಳ್ಳಿ.

ಲಾರಿಗಳು ಎಲ್ಲಿ ನಿಲ್ಲುತ್ತಿವೆ ಎಂದು ಅವನು ಗಮನಿಸಿದ. ಲ್ಯಾಬ್ ವರದಿ ಊಟದ ನಂತರ ಒಟ್ಟಿಗೆ ಬರುತ್ತಿತ್ತು. ತೂಕ ಮುಗಿದ ಮೇಲಷ್ಟೇ ಇನ್ವಾಯ್ಸ್‌ನ ವಿಳಾಸ, ಆರ್ಡರ್ ನಂಬರ್, ಗಾಡಿ ನಂಬರ್ ಟೈಪ್ ಮಾಡಲು ಶುರುಮಾಡುತ್ತಿದ್ದರು. ಅವನು ಲ್ಯಾಬಿನ ಬೆಳಗಿನ ಶಿಫ್ಟಿನವರ ಜೊತೆ ಮಾತಾಡಿ, ಆ ದಿನ ಲೋಡ್ ಆಗಬೇಕಾದ ಬಂಕರಿನ ವರದಿ ಮೊದಲು ಬರುವಂತೆ ಮಾಡಿದ. ಗಾಡಿ ಗೇಟಿಗೆ ಬಂದ ಕೂಡಲೇ ಬಿಲ್ಲಿನ ಉಳಿದೆಲ್ಲ ವಿವರ ತುಂಬಿಸಿ, ತೂಕ ಒಂದನ್ನು ಮಾತ್ರ ಬಾಕಿ ಇಟ್ಟ. ಕೆಲಸ ಇಷ್ಟೇ. ಹೊಸ ಯಂತ್ರ ಬೇಕಾಗಲಿಲ್ಲ.

ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ತಿಂಗಳಿಗೆ ಸರಾಸರಿ 400 ಲಾರಿ ಬಂದು, ಅದರಲ್ಲಿ 40 ರಾತ್ರಿ ನಿಂತಿದ್ದವು. ಮೇ ತಿಂಗಳಲ್ಲಿ ಈ ಬದಲಾವಣೆ ಆಯಿತು. ಜೂನ್‌ನಿಂದ ಆಗಸ್ಟ್‌ವರೆಗೆ ನಿಂತಿದ್ದು ತಿಂಗಳಿಗೆ 12 ಮಾತ್ರ. ಅವನು ಖುಷಿಯಿಂದ ಬರೆದ: 28 ಲಾರಿ ಕಡಿಮೆಯಾದವು, ತಿಂಗಳಿಗೆ 42,000 ರೂಪಾಯಿ ಉಳಿತಾಯ.

ಇಲ್ಲಿಯೇ ಜೋಪಾನವಾಗಿರಬೇಕು. ಮಳೆಗಾಲದಲ್ಲಿ ಆರ್ಡರ್ ಇಳಿದು ಬಂದ ಲಾರಿಗಳೇ 300. ಹಳೆಯ ರೀತಿಯಲ್ಲೇ ನಡೆದಿದ್ದರೂ ನೂರಕ್ಕೆ ಹತ್ತರಂತೆ 30 ಮಾತ್ರ ನಿಲ್ಲುತ್ತಿದ್ದವು. ಹಾಗಾಗಿ ಅವನ ಕೆಲಸದಿಂದ ಕಡಿಮೆಯಾದದ್ದು 18. ನಿಜವಾದ ಉಳಿತಾಯ ತಿಂಗಳಿಗೆ 27,000. ಮಿಕ್ಕ 15,000 ಉಳಿಸಿದ್ದು ವ್ಯಾಪಾರ ಕಡಿಮೆಯಾದದ್ದು, ಅವನಲ್ಲ. 42,000 ಎಂದು ಕೊಟ್ಟಿದ್ದರೆ ಅಕೌಂಟ್ಸ್‌ನವರು ಒಂದೇ ನೋಟಕ್ಕೆ ಹಿಡಿಯುತ್ತಿದ್ದರು, ಆಮೇಲೆ ಅವನ ಯಾವ ಅಂಕಿಯನ್ನೂ ನಂಬುತ್ತಿರಲಿಲ್ಲ. 27,000 ಎಂದು ಕೊಟ್ಟು, ಯಾಕೆ ಅಷ್ಟೇ ಎಂದು ಒಂದು ಸಾಲು ಬರೆದರೆ, ಲೆಕ್ಕ ಬಲ್ಲ ಮನುಷ್ಯ ಎಂದು ಜಿಎಂ ಅವರಿಗೆ ಗೊತ್ತಾಗುತ್ತದೆ. ಇನ್‌ಚಾರ್ಜ್ ಹುದ್ದೆಗೆ ಬೇಕಾದದ್ದು ಆ ನಂಬಿಕೆಯೇ. ಅವನು ತಿದ್ದಿ ಕೊಟ್ಟ.

ಹೀಗೆ ಬರೆದಿಡುವುದಕ್ಕೆ ಒಂದು ನೋಟ್‌ಬುಕ್ ಸಾಕು. ಶನಿವಾರ ಮನೆಗೆ ಹೊರಡುವ ಮುಂಚೆ ನಾಲ್ಕು ಸಾಲು: ಈ ವಾರ ಏನು ಬದಲಾಯಿಸಿದೆ, ಮೊದಲು ಎಷ್ಟಿತ್ತು, ಈಗ ಎಷ್ಟಿದೆ, ಅದು ಯಾವ ರಿಜಿಸ್ಟರಿನಲ್ಲಿದೆ. ಕೊನೆಯ ಸಾಲನ್ನು ಮರೆಯಬೇಡಿ. ಅಂಕಿ ನಿಮ್ಮ ಬಾಯಿಂದ ಬಂದರೆ ಅದು ಮಾತು. ಗೇಟ್ ರಿಜಿಸ್ಟರಿನಿಂದ, ಟ್ರಾನ್ಸ್‌ಪೋರ್ಟ್ ಬಿಲ್ಲಿನಿಂದ ಬಂದರೆ ಸಾಕ್ಷಿ. ಹೆಚ್ಚಿನವರು ಎಡವುವುದು "ಮೊದಲು ಎಷ್ಟಿತ್ತು" ಎಂಬಲ್ಲಿ. ಕೆಲಸ ಸುಧಾರಿಸಿದ ಮೇಲೆ ಹಳೆಯ ಸ್ಥಿತಿ ಯಾರಿಗೂ ನೆನಪಿರುವುದಿಲ್ಲ, ಮೊದಲಿನಿಂದಲೂ ಹೀಗೇ ಇತ್ತಲ್ಲ ಎನ್ನುತ್ತಾರೆ. ಆದ್ದರಿಂದ ಬದಲಾವಣೆಗೆ ಕೈಹಾಕುವ ಮೊದಲೇ ಹಳೆಯ ಅಂಕಿ ಬರೆದುಕೊಳ್ಳಿ. ಇನ್ನೊಂದು ಎಚ್ಚರ: ನೋಟ್‌ಬುಕ್ ನಿಮ್ಮದು, ಕಾಗದಪತ್ರ ಕಂಪನಿಯದು. ಬಿಲ್ಲು, ಗಿರಾಕಿಗಳ ಪಟ್ಟಿ, ದರ ಇವುಗಳ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಬೇಡಿ. ಬಡ್ತಿಗೆಂದು ಕೂಡಿಸಿದ್ದೇ ಕೆಲಸಕ್ಕೆ ಕುತ್ತಾಗಬಹುದು.

ಇನ್ನು ಸಮಯದ ಮಾತು. ಬಡ್ತಿ ಪತ್ರ ಏಪ್ರಿಲ್‌ನಲ್ಲೋ ಮೇನಲ್ಲೋ ಬರುತ್ತದೆ ಎಂದು ನಮ್ಮ ಹುಡುಗರು ಮಾರ್ಚ್‌ನಲ್ಲಿ ಕೇಳುತ್ತಾರೆ. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಮುಂದಿನ ವರ್ಷ ಸಂಬಳಕ್ಕೆ ಎಷ್ಟು ಬೇಕು ಎಂಬ ಲೆಕ್ಕವನ್ನು ವಿಭಾಗದ ಮುಖ್ಯಸ್ಥರು ಸಾಮಾನ್ಯವಾಗಿ ಜನವರಿಯಲ್ಲಿ ಕೊಡುತ್ತಾರೆ, ಫೆಬ್ರುವರಿಯಲ್ಲಿ ಮಾಲೀಕರು ಕೂತು ಹೊಡೆದು ತಿದ್ದುತ್ತಾರೆ. ಮಾರ್ಚ್ ಎಂದರೆ ವರ್ಷದ ಲೆಕ್ಕ ಮುಗಿಸುವ ತಿಂಗಳು, ಯಾರಿಗೂ ಕಿವಿ ಇರುವುದಿಲ್ಲ. ಏಪ್ರಿಲ್‌ನ ಪತ್ರ ಬರೀ ಪ್ರಿಂಟು. ನಿಮ್ಮ ಹೆಸರು ಜನವರಿಯ ಪಟ್ಟಿಯಲ್ಲಿ ಇರಬೇಕು.

ಅದಕ್ಕೆ ಮಾತು ಶುರುವಾಗಬೇಕಾದದ್ದು ಅಕ್ಟೋಬರ್, ನವೆಂಬರ್‌ನಲ್ಲಿ. ಸೆಪ್ಟೆಂಬರ್‌ಗೆ ಅರ್ಧ ವರ್ಷದ ಲೆಕ್ಕ ಮುಗಿದಿರುತ್ತದೆ. ದೀಪಾವಳಿ ಬೋನಸ್ಸಿನ ಗಲಾಟೆ ಕಳೆಯಲಿ. ಬೋನಸ್ಸಿನ ಜೊತೆ ಬಡ್ತಿ ಬೆರೆಸಿದರೆ ಎರಡೂ ದುಡ್ಡಿನ ಬೇಡಿಕೆ ಎಂದೇ ಕಾಣುತ್ತದೆ. ಆ ಮೊದಲ ಮಾತಿನಲ್ಲಿ ಹುದ್ದೆ ಕೊಡಿ ಎನ್ನಬೇಡಿ. "ಸರ್, ಇನ್‌ಚಾರ್ಜ್ ಕೆಲಸಕ್ಕೆ ನಾನು ತಯಾರಾಗಬೇಕು ಅಂದ್ರೆ ನನ್ನಲ್ಲಿ ಇನ್ನೂ ಏನು ಬೇಕು?" ಎಂದು ಕೇಳಿ, ಬಂದ ಉತ್ತರ ಬರೆದುಕೊಳ್ಳಿ. ಇ-ವೇ ಬಿಲ್ ತಪ್ಪಾದಾಗ ನೀನೊಬ್ಬನೇ ನಿಭಾಯಿಸಿದ್ದು ನೋಡಿಲ್ಲ ಎಂದರೆ, ಮುಂದಿನ ಎರಡು ತಿಂಗಳ ಕೆಲಸ ಅದೇ. ಡಿಸೆಂಬರ್ ಎರಡನೆಯ ವಾರದಲ್ಲಿ ಒಂದೇ ಪುಟ ಬರೆದು ಕೊಡಿ. ಆ ಹುಡುಗನ ಪುಟ ಹೀಗಿತ್ತು:

"ಜೂನ್‌ನಿಂದ ಆಗಸ್ಟ್‌ವರೆಗೆ ರಾತ್ರಿ ನಿಲ್ಲುವ ಲಾರಿ ನೂರಕ್ಕೆ 10ರಿಂದ 4ಕ್ಕೆ ಇಳಿದಿದೆ. ಲ್ಯಾಬ್ ವರದಿ ಬೆಳಿಗ್ಗೆಯೇ ಪಡೆದದ್ದು, ಬಿಲ್ಲಿನ ವಿವರ ಮುಂಚೆಯೇ ತುಂಬಿದ್ದು ಕಾರಣ. ಹಾಲ್ಟಿಂಗ್ ಉಳಿತಾಯ ತಿಂಗಳಿಗೆ ಸುಮಾರು 27,000 ರೂಪಾಯಿ; ಲಾರಿ ಸಂಖ್ಯೆ ಕಡಿಮೆಯಾದದ್ದನ್ನು ಕಳೆದು ಹಾಕಿದ ಲೆಕ್ಕ. ಗೇಟ್ ರಿಜಿಸ್ಟರ್, ಟ್ರಾನ್ಸ್‌ಪೋರ್ಟ್ ಬಿಲ್‌ನಲ್ಲಿ ನೋಡಬಹುದು. ಲ್ಯಾಬಿನ ಬೆಳಗಿನ ಶಿಫ್ಟಿನವರು, ಗೇಟ್ ಸೆಕ್ಯೂರಿಟಿಯವರು ಜೊತೆಗೂಡಿದರು. ಒಳಬರುವ ಅದಿರು, ಕಲ್ಲಿದ್ದಲಿನ ಲಾರಿಗಳಿಗೂ ಇದೇ ಕ್ರಮ ತರುವ ಜವಾಬ್ದಾರಿ ಹೊರಲು ಸಿದ್ಧನಿದ್ದೇನೆ. ಏಪ್ರಿಲ್‌ನಿಂದ ಇನ್‌ಚಾರ್ಜ್ ಹುದ್ದೆಗೆ ಪರಿಗಣಿಸಬೇಕೆಂದು ಕೋರುತ್ತೇನೆ."

ಇದರಲ್ಲಿ ಮನೆಯ ಕಷ್ಟವಿಲ್ಲ, ಇನ್ನೊಬ್ಬರ ಸಂಬಳದ ಮಾತಿಲ್ಲ. ಜೊತೆಗಾರರ ಪಾಲು ಇದೆ, ಏಕೆಂದರೆ ಮಾಲೀಕರು ಲ್ಯಾಬಿನವರನ್ನು ಕರೆದು ಕೇಳಿಯೇ ಕೇಳುತ್ತಾರೆ. ಕೊನೆಯ ಎರಡು ವಾಕ್ಯಗಳೂ ಮುಖ್ಯ. ಮಧ್ಯಮ ಕಂಪನಿಯಲ್ಲಿ ಕುರ್ಚಿಗಳು ಕಡಿಮೆ. ಡಿಸ್ಪ್ಯಾಚ್‌ಗೆ ಇನ್‌ಚಾರ್ಜ್ ಒಬ್ಬರೇ, ಅವರು ಇನ್ನೂ ಹತ್ತು ವರ್ಷ ಇರುವವರಾದರೆ ನಿಮ್ಮ ಸಾಧನೆ ಎಷ್ಟಿದ್ದರೂ ಕೂರಿಸುವುದೆಲ್ಲಿ? ಹಾಗಾಗಿ ಕಂಪನಿಗೆ ಹೊಸದಾಗಿ ಯಾವ ಕೆಲಸ ಬೇಕಾಗಿದೆ ಎಂದು ನೋಡಿ, ಅದಕ್ಕೆ ನಿಮ್ಮನ್ನು ಜೋಡಿಸಿ ಕೇಳಿ. ಎರಡನೆಯ ವೇಬ್ರಿಡ್ಜ್ ಬರುತ್ತಿದ್ದರೆ, ಹಿರಿಯರೊಬ್ಬರು ನಿವೃತ್ತರಾಗುತ್ತಿದ್ದರೆ ಜನವರಿಗೂ ಕಾಯಬೇಡಿ. ಕಿಲ್ನ್ ನಿಂತಿರುವ ವಾರ, ಗಿರಾಕಿ ಮಾಲು ವಾಪಸ್ ಕಳಿಸಿದ ದಿನ, ಸ್ಪಾಂಜ್ ದರ ಬಿದ್ದಿರುವ ತಿಂಗಳು ಬಾಯಿ ತೆರೆಯಬೇಡಿ. ಪುಟವನ್ನು ನಿಮ್ಮ ನೇರ ಮೇಲಧಿಕಾರಿಯ ಕೈಗೇ ಕೊಡಿ. ಅವರನ್ನು ದಾಟಿ ಮಾಲೀಕರ ಬಳಿ ಹೋಗುವುದು, ಊರಿನ ಮುಖಂಡರಿಂದ ಫೋನ್ ಮಾಡಿಸುವುದು ಎರಡೂ ಬೇಡ. ಶಿಫಾರಸಿನಿಂದ ಬಂದ ಹುದ್ದೆಯಲ್ಲಿ ಕೂತವರ ಮಾತನ್ನು ಕೆಳಗಿನವರು ಕೇಳುವುದಿಲ್ಲ.

ಒಪ್ಪಿಗೆ ಬಂತು ಎಂದುಕೊಳ್ಳಿ. ಕುಣಿಯುವ ಮೊದಲು ಕೈಗೆ ಬರುವುದೆಷ್ಟು ಎಂದು ಲೆಕ್ಕ ಹಾಕಿ. ಉದಾಹರಣೆಗೆ, ಈಗ 18,000 ಸಂಬಳ, ಓಟಿ 3,500, ಒಟ್ಟು 21,500. ಇನ್‌ಚಾರ್ಜ್ ಆದರೆ 22,000. ಮೇಲ್ವಿಚಾರಣೆಯ ಹುದ್ದೆಗೆ ಸಾಮಾನ್ಯವಾಗಿ ದುಪ್ಪಟ್ಟು ದರದ ಓಟಿ ಇರುವುದಿಲ್ಲ, ಹಾಗಾಗಿ 4,000 ಏರಿಕೆ ಎಂದು ಕಂಡದ್ದು 500 ಮಾತ್ರ. ಮೇಲಾಗಿ ಇಎಸ್‌ಐ ಮಿತಿ 21,000. ಓಟಿ ಆ ಮಿತಿಯ ಲೆಕ್ಕಕ್ಕೆ ಬರುವುದಿಲ್ಲ, ಸಂಬಳ ಬರುತ್ತದೆ. ಸಂಬಳ ಮಿತಿ ದಾಟಿದರೆ ಮುಂದೆ ನೀವು ಇಎಸ್‌ಐನಿಂದ ಹೊರಗೆ, ನಿಮ್ಮನ್ನೇ ನಂಬಿರುವ ಅಪ್ಪ ಅಮ್ಮನ ಚಿಕಿತ್ಸೆಯೂ ಹೊರಗೆ. ಮನೆಯಲ್ಲಿ ಕಾಯಿಲೆಯವರಿದ್ದರೆ ಇದು ಸಣ್ಣ ಮಾತಲ್ಲ. ಅಪ್ಪ ಅಮ್ಮನನ್ನೂ ಸೇರಿಸುವ ಆರೋಗ್ಯ ವಿಮೆ ಕಂಪನಿಯಿಂದ ಸಿಗುತ್ತದೆಯೇ ಎಂದು ಹುದ್ದೆ ಒಪ್ಪುವ ಮುಂಚೆಯೇ ಕೇಳಿ, ಒಪ್ಪಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

"ಸದ್ಯಕ್ಕೆ ನೀನೇ ನೋಡ್ಕೊ, ಲೆಟರ್ ಆಮೇಲೆ" ಎಂದರೆ ನೋಡಿಕೊಳ್ಳಿ, ಆದರೆ ಅದೇ ವಾರ ಒಂದು ವಿನಯದ ಮೇಲ್ ಕಳಿಸಿ: ತಾವು ಹೇಳಿದಂತೆ ಇಂಥ ದಿನದಿಂದ ಈ ಕೆಲಸ ನೋಡಿಕೊಳ್ಳುತ್ತಿದ್ದೇನೆ, ಮೂರು ತಿಂಗಳಿಗೆ ಪರಿಶೀಲಿಸಲು ಕೋರಿಕೆ. ಪತ್ರವಿಲ್ಲದ ಹುದ್ದೆಯಲ್ಲಿ ಜವಾಬ್ದಾರಿ ನಿಮ್ಮದು, ಸಂಬಳ ಹಳೆಯದು.

ಇಲ್ಲ ಎಂದರೆ ಮುನಿಸಿಕೊಳ್ಳಬೇಡಿ. ಏನು ಕೊರತೆ, ಯಾವಾಗ ಮತ್ತೆ ನೋಡುತ್ತೀರಿ ಎಂದು ಎರಡೇ ಪ್ರಶ್ನೆ ಕೇಳಿ. ಉತ್ತರದಲ್ಲಿ ಒಂದು ಕೆಲಸ, ಒಂದು ತಿಂಗಳು ಇದ್ದರೆ ಕಾಯುವುದಕ್ಕೆ ಅರ್ಥವಿದೆ. ಎರಡು ಜನವರಿ ಕಳೆದರೂ ಬರೀ "ನೋಡೋಣ" ಎಂದೇ ಬಂದರೆ ಅಲ್ಲಿ ಕುರ್ಚಿ ಇಲ್ಲವೆಂದೇ ತಿಳಿಯಿರಿ. ಬೇರೆ ಕಡೆ ಆಫರ್ ಇದೆ ಎಂದು ಹೆದರಿಸುವುದು ನಿಜವಾಗಿ ಹೊರಡಲು ತಯಾರಿದ್ದರೆ ಮಾತ್ರ. ಹೊರಟರೂ ಆ ನೋಟ್‌ಬುಕ್ ಕೈಯಲ್ಲಿರುತ್ತದೆ: ಮುಂದಿನ ಕಂಪನಿಯ ಸಂದರ್ಶನದಲ್ಲಿ ಏನು ಮಾಡಿದ್ದೀರಿ ಎಂದು ಕೇಳಿದಾಗ ನೂರಕ್ಕೆ ಹತ್ತಿದ್ದದ್ದನ್ನು ನಾಲ್ಕಕ್ಕೆ ಇಳಿಸಿದೆ, ಹೀಗೆ ಇಳಿಸಿದೆ ಎಂದು ಹೇಳಬಲ್ಲಿರಿ. ಈ ಶನಿವಾರವೇ ಮೊದಲ ನಾಲ್ಕು ಸಾಲು ಬರೆಯಿರಿ.