ಚಲಿಸುವ ಸರಾಸರಿ: ಸರಳ, ತೂಕದ, ಘಾತೀಯ

ಉದಾಹರಣೆ (ಕಾಲ್ಪನಿಕ ದರ): ಹಾನಗಲ್ ಮಾರುಕಟ್ಟೆಯಲ್ಲಿ ಗೋವಿನಜೋಳದ ದರ ಹಲವು ದಿನ ಕ್ವಿಂಟಲ್‌ಗೆ ₹2000 ಇತ್ತು. ಹೊಸ ಫಸಲಿನ ಆವಕ ಹೆಚ್ಚಿ ₹1900ಕ್ಕೆ ಇಳಿದು ಅಲ್ಲೇ ನಿಂತಿತು. ಅವಧಿ 5 ದಿನ.

1. ಸರಳ: ಐದೂ ದಿನಕ್ಕೆ ಸಮಾನ ತೂಕ. ಇಳಿದ ಮೊದಲ ದಿನ 1980, ಮೂರನೇ ದಿನ 1940, ಐದನೇ ದಿನ 1900.

2. ತೂಕದ: ಇಂದಿನಿಂದ ಹಿಂದಕ್ಕೆ 5, 4, 3, 2, 1 ತೂಕ, ಮೊತ್ತವನ್ನು 15ರಿಂದ ಭಾಗಿಸಬೇಕು. ಮೊದಲ ದಿನ 1966.67, ಮೂರನೇ ದಿನ 1920, ಐದನೇ ದಿನ 1900.

3. ಘಾತೀಯ: ನಿನ್ನೆಯ ಸರಾಸರಿಗೆ, ಇಂದಿನ ದರ ಮತ್ತು ಆ ಸರಾಸರಿಯ ವ್ಯತ್ಯಾಸದ 2/(n+1) ಭಾಗ ಸೇರಿಸಬೇಕು. ಇಲ್ಲಿ n = 5, ಭಾಗ 1/3. ಮೊದಲ ದಿನ 1966.67, ಮೂರನೇ ದಿನ 1929.63, ಐದನೇ ದಿನ 1913.17. ಹಳೆಯ ದರದ ಪ್ರಭಾವ ಕುಗ್ಗುತ್ತದೆ, ಪೂರ್ತಿ ಅಳಿಯುವುದಿಲ್ಲ.

ಗೊಂದಲದ ಅಂಶ: ‘ಘಾತೀಯವೇ ಸದಾ ವೇಗ’ ಎಂಬ ಮಾತು ತಪ್ಪು. ಮೊದಲ ದಿನ ಅದು ತೂಕದ ಸರಾಸರಿಗೆ ಸಮ, ಆಮೇಲೆ ಹಿಂದೆ. ಐದನೇ ದಿನ ಸರಳಕ್ಕಿಂತಲೂ ಹಿಂದೆ.

ಸರಾಸರಿ ವಿಳಂಬ: ಸರಳ ಮತ್ತು ಘಾತೀಯ ಎರಡಕ್ಕೂ (n−1)/2, ಅಂದರೆ 2 ದಿನ. ತೂಕದ್ದಕ್ಕೆ (n−1)/3, ಸುಮಾರು 1.33 ದಿನ.

ವಿಳಂಬ ಯಾವಾಗ ಮುಖ್ಯ? ದರ ಸ್ಥಿರವಿದ್ದರೆ ಮೂರೂ ಒಂದೇ. ದಿನಕ್ಕೆ ₹10ರಂತೆ ಇಳಿಯುತ್ತಲೇ ಇದ್ದರೆ ಸರಳ ಸರಾಸರಿ ₹20 ಹೆಚ್ಚೇ ತೋರಿಸುತ್ತದೆ, ಆದರೂ ದಿಕ್ಕು ಸರಿ. ದರ ತಿರುಗುವ ಹೊತ್ತಿನಲ್ಲಿ ದಿಕ್ಕೇ ತಪ್ಪುತ್ತದೆ: ಸವಣೂರಿನ ರೈತ ಮಾಲು ಮಾರಬೇಕೋ ಕಾಯಬೇಕೋ ಎಂದು ನಿರ್ಧರಿಸುವುದು ಆಗಲೇ. ಅವಧಿ ಕಿರಿದಾದರೆ ವಿಳಂಬ ತಗ್ಗುತ್ತದೆ, ಸುಳ್ಳು ಸೂಚನೆ ಹೆಚ್ಚುತ್ತದೆ.